ಕಚೇರಿಯ ರೂಟರ್‌ಗೆ ವಿಳಾಸ ಶ್ರೇಣಿ ಆರಿಸಿದ್ದು: ನನ್ನ ಅನುಭವ

ನಮ್ಮ ಸಣ್ಣ ಕಚೇರಿಯಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ವಿಪಿಎನ್ ಸಂಪರ್ಕ ಸರಿಯಾಗಿಯೇ ಸಿಗುತ್ತಿತ್ತಾದರೂ, ಕೆಲವರಿಗೆ ಮಾತ್ರ 192.168.1.10 ವಿಳಾಸದ ಫೈಲ್ ಸರ್ವರ್ ತೆರೆಯುತ್ತಿರಲಿಲ್ಲ. ಅವರ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ನಿಲ್ಲಿಸಿ `ipconfig` ಕೊಟ್ಟು ನೋಡಿದಾಗ ಕಾರಣ ತಿಳಿಯಿತು: ಮನೆಯ ರೂಟರ್ ಕೂಡ 192.168.1.0/24 ಶ್ರೇಣಿಯನ್ನೇ ಬಳಸುತ್ತಿತ್ತು. ಹೀಗಿದ್ದಾಗ ಕಂಪ್ಯೂಟರ್ ಆ ಸರ್ವರ್ ಮನೆಯ ಜಾಲದಲ್ಲೇ ಇದೆಯೆಂದು ಭಾವಿಸಿ ಅಲ್ಲಿಯೇ ಹುಡುಕುತ್ತದೆ. ಸಂದೇಶ ವಿಪಿಎನ್ ಮಾರ್ಗವನ್ನು ಹಿಡಿಯುವುದೇ ಇಲ್ಲ.

ಎಲ್ಲರ ಮನೆಯ ರೂಟರ್ ಬದಲಿಸುವುದು ಸಾಧ್ಯವಿಲ್ಲದ್ದರಿಂದ ಕಚೇರಿಯ ಶ್ರೇಣಿಯನ್ನೇ ಬದಲಿಸಿದೆ. ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ 192.168.0, 192.168.1 ಮತ್ತು 10.0.0 ಇವುಗಳನ್ನು ಬಿಟ್ಟು 10.37.20.0/24 ಆರಿಸಿಕೊಂಡೆ. ಇಲ್ಲಿ ಒಂದು ಎಚ್ಚರ ಅಗತ್ಯ: 10ರಿಂದ ಆರಂಭವಾಗುವ ವಿಳಾಸ ಕೊಟ್ಟಾಗ ಕೆಲವು ರೂಟರ್‌ಗಳು ಸಬ್‌ನೆಟ್ ಮಾಸ್ಕನ್ನು ತಾವಾಗಿಯೇ 255.0.0.0 ಎಂದು ತುಂಬುತ್ತವೆ. ಅದನ್ನು ಹಾಗೆಯೇ ಬಿಟ್ಟರೆ 10ರ ಇಡೀ ಶ್ರೇಣಿ ನಮ್ಮದಾಗಿ, 10ರ ವಿಳಾಸ ಬಳಸುವ ಮನೆಗಳೊಂದಿಗೆ ಹಳೆಯ ತೊಂದರೆಯೇ ಮರಳಬಹುದು, ಆದ್ದರಿಂದ 255.255.255.0 ಎಂದು ತಿದ್ದಬೇಕು.

ಗಾತ್ರದ ವಿಷಯದಲ್ಲಿ, ಸುಮಾರು 45 ಸಾಧನಗಳಿಗೆ 62 ವಿಳಾಸ ಕೊಡುವ /26 ಸಾಕೆನಿಸಬಹುದು. ಆದರೆ ಬಂದು ಹೋದವರ ಫೋನ್‌ಗಳೂ ಡಿಎಚ್‌ಸಿಪಿ ಅವಧಿ ಮುಗಿಯುವವರೆಗೆ ವಿಳಾಸ ಹಿಡಿದಿಟ್ಟುಕೊಳ್ಳುವುದರಿಂದ, 254 ವಿಳಾಸಗಳ /24 ನನಗೆ ಸರಿಯೆನಿಸಿತು. ಡಿಎಚ್‌ಸಿಪಿಗೆ 50ರಿಂದ 220ರವರೆಗೆ ಕೊಟ್ಟು, ಸರ್ವರ್ ಮತ್ತು ಪ್ರಿಂಟರ್‌ಗಳಿಗೆ 50ಕ್ಕಿಂತ ಕೆಳಗಿನ ಸ್ಥಿರ ವಿಳಾಸಗಳನ್ನಿಟ್ಟೆ. ವಿಪಿಎನ್ ಸೆಟ್ಟಿಂಗ್‌ನಲ್ಲಿದ್ದ ಹಳೆಯ ಶ್ರೇಣಿಯನ್ನೂ ಬದಲಿಸಿದ ಮೇಲೆ, ಅದೇ ಮನೆಗಳಿಂದ 10.37.20.10 ತೆರೆಯಿತು.