ಎಫ್‌ಡಿ ಬಡ್ಡಿಗೆ ಟಿಡಿಎಸ್ ಬೇಡವೇ? 15ಎಚ್, 15ಜಿ ತುಂಬುವ ಸರಿಯಾದ ಕ್ರಮ

ಏಪ್ರಿಲ್ ಬಂದರೆ ಬ್ಯಾಂಕಿನ ಕೌಂಟರ್‌ನಲ್ಲಿ ಹಿರಿಯರ ಸಾಲು. ಸಿಬ್ಬಂದಿ ‘ಇಲ್ಲಿ ಸಹಿ ಹಾಕಿ, ಉಳಿದದ್ದು ನಾವು ತುಂಬ್ತೀವಿ’ ಎನ್ನುತ್ತಾರೆ, ಬಹಳ ಮಂದಿ ಖಾಲಿ ಫಾರಂಗೇ ಸಹಿ ಹಾಕಿ ಹೊರಡುತ್ತಾರೆ. ಹಾಗೆ ಮಾಡಬೇಡಿ. ನನಗೆ ತೆರಿಗೆ ಬರುವುದಿಲ್ಲ, ಬಡ್ಡಿಯಿಂದ ಟಿಡಿಎಸ್, ಅಂದರೆ ಬ್ಯಾಂಕ್ ಮೊದಲೇ ಹಿಡಿಯುವ ತೆರಿಗೆ, ಕಡಿಯಬೇಡಿ ಎಂದು ನಿಮ್ಮ ಆದಾಯದ ಬಗ್ಗೆ ನೀವೇ ಕೊಡುವ ಘೋಷಣೆ ಈ 15ಎಚ್, 15ಜಿ. ಅದು ಸುಳ್ಳಾದರೆ ಮೊಕದ್ದಮೆಯೂ ಹೂಡಬಹುದು. ಕೆಳಗಿನ ಲೆಕ್ಕ, ಫಾರಂ, ಸೆಕ್ಷನ್ ಎಲ್ಲ 2025-26ನೇ ಹಣಕಾಸು ವರ್ಷದ್ದು, ಹೊಸ ತೆರಿಗೆ ಪದ್ಧತಿಯದ್ದು.

ಮೊದಲು, ಫಾರಂ ಬೇಕೇ ಎಂದು ನೋಡಿ. ಒಂದು ಬ್ಯಾಂಕಿನ ಎಲ್ಲ ಶಾಖೆಗಳ ಠೇವಣಿ ಬಡ್ಡಿ ಸೇರಿ ವರ್ಷಕ್ಕೆ 1 ಲಕ್ಷ ರೂಪಾಯಿ ದಾಟದಿದ್ದರೆ ಹಿರಿಯರಿಗೆ ಟಿಡಿಎಸ್ ಇಲ್ಲ. 60 ತುಂಬದವರಿಗೆ ಈ ಮಿತಿ 50,000. ದಾಟಿದರೆ ಶೇ 10 ಕಡಿತ, ಪ್ಯಾನ್ ಕೊಡದಿದ್ದರೆ ಶೇ 20. ಮಿತಿಯೊಳಗೆ ಇರಲೆಂದು ಹಣವನ್ನು ನಾಲ್ಕು ಬ್ಯಾಂಕಿಗೆ ಹಂಚುವ ಸಲಹೆ ಕೊಡುವವರಿದ್ದಾರೆ. ಕಡಿತ ತಪ್ಪಬಹುದು, ತೆರಿಗೆ ಬರುವ ಆದಾಯವಿದ್ದರೆ ತೆರಿಗೆ ತಪ್ಪುವುದಿಲ್ಲ.

ಹೆಚ್ಚು ಜನ ಎಡವುವುದು ಯಾವ ಫಾರಂ ಎಂಬಲ್ಲಿ. ಆ ಹಣಕಾಸು ವರ್ಷದಲ್ಲಿ ಯಾವಾಗ 60 ತುಂಬಿದರೂ 15ಎಚ್. ಇದಕ್ಕೆ ಷರತ್ತು ಒಂದೇ: ರಿಯಾಯಿತಿ ಕಳೆದ ಮೇಲೆ ವರ್ಷದ ತೆರಿಗೆ ಸೊನ್ನೆಯಾಗಬೇಕು. 60ಕ್ಕಿಂತ ಚಿಕ್ಕವರದು 15ಜಿ. ಅಲ್ಲಿ ತೆರಿಗೆ ಸೊನ್ನೆಯಾದರೆ ಸಾಲದು, ವರ್ಷದ ಒಟ್ಟು ಬಡ್ಡಿಯೂ ಮೂಲ ವಿನಾಯಿತಿ ಮಿತಿಯಾದ 4 ಲಕ್ಷ ದಾಟಿರಬಾರದು.

ಈ ಎರಡನೇ ಷರತ್ತನ್ನು ಯಾರೂ ಓದುವುದಿಲ್ಲ. ಬೇರೆ ಆದಾಯವಿಲ್ಲದ 58 ವರ್ಷದವರಿಗೆ ಬಡ್ಡಿಯೇ 4.5 ಲಕ್ಷ ಬರುತ್ತದೆ ಎನ್ನಿ. 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ ರಿಯಾಯಿತಿಯಿಂದ ಅವರ ತೆರಿಗೆ ಸೊನ್ನೆ. ಆದರೂ 15ಜಿ ಕೊಡುವಂತಿಲ್ಲ. ಬ್ಯಾಂಕ್ 45,000 ಕಡಿದುಕೊಳ್ಳುತ್ತದೆ, ಅವರು ರಿಟರ್ನ್ ಸಲ್ಲಿಸಿ ಅಷ್ಟನ್ನೂ ವಾಪಸು ಪಡೆಯಬೇಕು. ಅನಿವಾಸಿ ಭಾರತೀಯರಿಗೆ ಎರಡೂ ಫಾರಂ ಇಲ್ಲ. ದುಬೈನಲ್ಲಿರುವ ಮಗ ಊರಿನ ಬ್ಯಾಂಕಿನಲ್ಲಿಟ್ಟ ಎಫ್‌ಡಿಗೆ ಅಪ್ಪ ಫಾರಂ ಕೊಟ್ಟರೆ ನಡೆಯದು. ಗಂಡನ ಹಣವನ್ನು ಗೃಹಿಣಿಯ ಹೆಸರಿನಲ್ಲಿ ಇಟ್ಟಿದ್ದರೆ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ, ಆಕೆ 15ಜಿ ಕೊಡುವುದು ತಪ್ಪು.

ಇನ್ನು ತುಂಬುವುದು. ಹೆಸರು, ಪ್ಯಾನ್, ವಿಳಾಸ ಸುಲಭ. ‘Previous Year’ ಎಂಬಲ್ಲಿ ಮಾತ್ರ ನಿಲ್ಲಿ. ಅದು ಕಳೆದ ವರ್ಷವಲ್ಲ, ಬಡ್ಡಿ ಬರಲಿರುವ ಈಗಿನ ಹಣಕಾಸು ವರ್ಷ. 2025ರ ಏಪ್ರಿಲ್‌ನಲ್ಲಿ ಕೊಡುವವರು 2025-26 ಎಂದು ಬರೆಯಬೇಕು, 2024-25 ಎಂದಲ್ಲ.

ಆಮೇಲೆ ಎರಡು ಮೊತ್ತಗಳು, ಮುಖ್ಯ ತಪ್ಪು ಇಲ್ಲೇ. ಮೊದಲನೆಯದು ಈ ಘೋಷಣೆಗೆ ಸಂಬಂಧಿಸಿದ ಬಡ್ಡಿ, ಎರಡನೆಯದು ನಿಮ್ಮ ಇಡೀ ವರ್ಷದ ಒಟ್ಟು ಆದಾಯ. ಎರಡರಲ್ಲೂ ಬಡ್ಡಿಯನ್ನೇ ಬರೆಯುವವರು ಅನೇಕ. ಉದಾಹರಣೆಗೆ, 62ರ ನಿವೃತ್ತ ಶಿಕ್ಷಕಿಗೆ ಪಿಂಚಣಿ ತಿಂಗಳಿಗೆ 30,000, ಅಂದರೆ ವರ್ಷಕ್ಕೆ 3,60,000. ಒಂದು ಬ್ಯಾಂಕಿನ ಎಫ್‌ಡಿ ಬಡ್ಡಿ 1,80,000, ಇನ್ನೊಂದರದು 90,000. ಒಟ್ಟು 6,30,000. ಪಿಂಚಣಿಗೆ ಸಿಗುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 5,55,000. ಇದಕ್ಕೆ ಬರುವ 7,750 ತೆರಿಗೆ ರಿಯಾಯಿತಿಯಲ್ಲಿ ಪೂರ್ತಿ ಹೋಗುತ್ತದೆ. ಅವರು ಮೊದಲ ಬ್ಯಾಂಕಿಗೆ ಮಾತ್ರ 15ಎಚ್ ಕೊಟ್ಟರೆ ಸಾಕು: ಬಡ್ಡಿಯ ಜಾಗದಲ್ಲಿ 1,80,000, ಒಟ್ಟು ಆದಾಯದ ಜಾಗದಲ್ಲಿ 5,55,000. ಕೊಡದಿದ್ದರೆ 18,000 ಕಡಿತವಾಗುತ್ತಿತ್ತು. ಎರಡನೇ ಬ್ಯಾಂಕಿನ ಬಡ್ಡಿ 1 ಲಕ್ಷದೊಳಗಿದೆ, ಅಲ್ಲಿ ಬೇಕಿಲ್ಲ.

ಇದೇ ವರ್ಷ ಬೇರೆ ಬ್ಯಾಂಕಿಗೂ ಫಾರಂ ಕೊಟ್ಟಿದ್ದರೆ ಎಷ್ಟು ಫಾರಂ, ಒಟ್ಟು ಎಷ್ಟು ಮೊತ್ತಕ್ಕೆ ಎಂದು ಬರೆಯುವ ಜಾಗವಿದೆ, ಖಾಲಿ ಬಿಡಬೇಡಿ. ಕೊನೆಯಲ್ಲಿ ಎಫ್‌ಡಿ ಸಂಖ್ಯೆ, ಸೆಕ್ಷನ್ 194ಎ, ಮೊತ್ತ.

ಸಲ್ಲಿಕೆ ನೆಟ್‌ಬ್ಯಾಂಕಿಂಗ್‌ನಲ್ಲೇ ಮಾಡಿ, ಸ್ವೀಕೃತಿ ಉಳಿಯುತ್ತದೆ. ಕಾಗದದಲ್ಲಾದರೆ ಎರಡು ಪ್ರತಿ ಒಯ್ದು ಒಂದಕ್ಕೆ ಮೊಹರು ಹಾಕಿಸಿಕೊಳ್ಳಿ, ‘ಸಿಸ್ಟಮ್‌ಗೆ ಹಾಕ್ತೀವಿ’ ಎಂಬ ಮಾತು ಸಾಲದು. ಏಪ್ರಿಲ್ ಮೊದಲ ವಾರವೇ ಆಗಲಿ. ಬಡ್ಡಿ ಕೈಗೆ ಬಾರದ ಕ್ಯುಮುಲೇಟಿವ್ ಎಫ್‌ಡಿಯಲ್ಲೂ ಬ್ಯಾಂಕ್ ಲೆಕ್ಕಕ್ಕೆ ತೆಗೆದುಕೊಂಡ ಬಡ್ಡಿಗೆ ಆಗಲೇ ಟಿಡಿಎಸ್ ಹಿಡಿಯುತ್ತದೆ. ಪ್ರತಿ ವರ್ಷ ಹೊಸದಾಗಿ ಕೊಡಬೇಕು. ನಡುವೆ ಹೊಸ ಎಫ್‌ಡಿ ಇಟ್ಟರೆ ಅದನ್ನೂ ಸೇರಿಸಿ ಕೊಡಿ.

ಮೊದಲ ತ್ರೈಮಾಸಿಕದ ವಿವರ ಬಂದ ಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿಯಾದ ಫಾರಂ 26ಎಎಸ್ ತೆರೆದು ನೋಡಿ. ಕಡಿತ ಕಂಡರೆ ಬ್ಯಾಂಕಿಗೆ ಸ್ವೀಕೃತಿ ತೋರಿಸಿ ಮುಂದಿನದನ್ನು ನಿಲ್ಲಿಸಿ. ಸರ್ಕಾರಕ್ಕೆ ಕಟ್ಟಿಯಾದ ಮೊತ್ತವನ್ನು ಬ್ಯಾಂಕ್ ಹಿಂದಿರುಗಿಸುವುದಿಲ್ಲ, ಅದಕ್ಕೆ ರಿಟರ್ನ್ ಸಲ್ಲಿಸಬೇಕು.