ಭತ್ತ ಬಾರದ ತಿಂಗಳಲ್ಲಿ ಬರೆದ ಹ್ಯಾಂಡೋವರ್ ಟಿಪ್ಪಣಿ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಒಂಬತ್ತು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದ ನಾನು 2025ರ ಸೆಪ್ಟೆಂಬರ್ 1ರಂದು ರಾಜೀನಾಮೆ ಕೊಟ್ಟೆ. ನೋಟಿಸ್ ಅವಧಿ ಮೂವತ್ತು ದಿನ. ನನ್ನ ಜಾಗಕ್ಕೆ ಬರುವವರು ಸಿಕ್ಕಿದ್ದು ಹನ್ನೆರಡನೆಯ ದಿನ. ಅವರು ಕೊಪ್ಪಳದಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದರು. ಟ್ಯಾಲಿ, ಜಿಎಸ್‌ಟಿ, ಟಿಡಿಎಸ್ ಯಾವುದನ್ನೂ ಅವರಿಗೆ ಹೇಳಿಕೊಡುವ ಅಗತ್ಯವಿರಲಿಲ್ಲ. ಗೊತ್ತಿಲ್ಲದಿದ್ದದ್ದು ಗಿರಣಿಯ ವ್ಯವಹಾರ ಮಾತ್ರ, ಮತ್ತು ಅದನ್ನು ಕಣ್ಣಾರೆ ತೋರಿಸಲು ಸೆಪ್ಟೆಂಬರ್‌ಗಿಂತ ಕೆಟ್ಟ ತಿಂಗಳು ಇನ್ನೊಂದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮುಂಗಾರು ಭತ್ತ ಆಗ ಗದ್ದೆಯಲ್ಲಿರುತ್ತದೆ. ಗಿರಣಿಯು ಗೋದಾಮಿನಲ್ಲಿರುವ ಹಳೆಯ ಭತ್ತದ ಮೇಲೆ ನಡೆಯುತ್ತದೆ. ವೇಬ್ರಿಡ್ಜ್ ಮುಂದೆ ಭತ್ತದ ಲಾರಿಗಳ ಸಾಲು ನಿಲ್ಲುವುದು ನವೆಂಬರ್ ಮಧ್ಯದ ನಂತರ. ಅಷ್ಟರಲ್ಲಿ ನಾನು ಅಲ್ಲಿ ಇರುವುದಿಲ್ಲ.

ಈ ಮಾತು ನನ್ನ ತಲೆಗೆ ಬಂದದ್ದು ತಡವಾಗಿ. ಮೊದಲ ವಾರ ಕುಳಿತು ಹದಿನಾಲ್ಕು ಪುಟ ಬರೆದಿದ್ದೆ. ‘ಪ್ರತಿದಿನದ ಕೆಲಸ’, ‘ಪ್ರತಿವಾರದ ಕೆಲಸ’, ‘ಪ್ರತಿತಿಂಗಳ ಕೆಲಸ’ ಎಂದು ತಲೆಬರಹ ಕೊಟ್ಟು, 7ನೆಯ ತಾರೀಖಿನೊಳಗೆ ಟಿಡಿಎಸ್ ಕಟ್ಟುವುದು, 11ರೊಳಗೆ GSTR-1, 15ರೊಳಗೆ ಪಿಎಫ್ ಮತ್ತು ಇಎಸ್‌ಐ, 20ರೊಳಗೆ GSTR-3B ಎಂದೆಲ್ಲ ಅಚ್ಚುಕಟ್ಟಾಗಿ ತುಂಬಿದ್ದೆ. ಹೊಸಬರು ಅದನ್ನು ಹತ್ತು ನಿಮಿಷದಲ್ಲಿ ಓದಿ ಮುಗಿಸಿ, ಬಹಳ ವಿನಯದಿಂದ, “ಅಣ್ಣಾ, ಇದೆಲ್ಲ ಸರಿ ಐತಿ” ಎಂದು ಮೇಜಿನ ಮೇಲಿಟ್ಟರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಓದಿದವರಿಗೆ ಪ್ರಶ್ನೆಯೇ ಹುಟ್ಟದ ಟಿಪ್ಪಣಿಯಲ್ಲಿ ಅವರಿಗೆ ಮೊದಲೇ ಗೊತ್ತಿದ್ದದ್ದು ಮಾತ್ರ ಇದೆ ಎಂದು ನನಗೆ ಅನ್ನಿಸಿದ್ದು ಆಗ. ಆ ಹದಿನಾಲ್ಕು ಪುಟಗಳಲ್ಲಿ ಕೊನೆಗೆ ಉಳಿದದ್ದು ಒಂದೂವರೆ ಪುಟ.

ಆಮೇಲೆ ದಾರಿ ಬದಲಿಸಿದೆ. 2024ರ ಡಿಸೆಂಬರ್‌ನ ಖರೀದಿ ಚೀಟಿಗಳ ಕಟ್ಟನ್ನು ಕಪಾಟಿನಿಂದ ತೆಗೆಸಿ, ಗಿರಣಿಯ ಟ್ಯಾಲಿ ದತ್ತಾಂಶದ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿ, ಆ ತಿಂಗಳ ಖರೀದಿ ನಮೂದುಗಳನ್ನು ಅದರಿಂದ ಅಳಿಸಿದೆ. “ಈ ಚೀಟಿಗಳನ್ನು ನೀವೇ ಎಂಟ್ರಿ ಮಾಡಿ, ನಾನು ಬಾಯಿ ಬಿಡುವುದಿಲ್ಲ, ಎಲ್ಲಿ ನಿಲ್ಲುತ್ತೀರೋ ಅಲ್ಲಿ ಕೇಳಿ” ಎಂದೆ. ಅವರು ನಿಂತ ಜಾಗಗಳನ್ನೂ, ನಿಲ್ಲಬೇಕಾಗಿದ್ದರೂ ನಿಲ್ಲದೆ ಮುಂದೆ ಹೋದ ಜಾಗಗಳನ್ನೂ ನಾನು ಬರೆದುಕೊಂಡೆ. ಎರಡನೆಯ ಬಗೆಯವೇ ಹೆಚ್ಚು ಅಪಾಯದವು.

ಅದರಲ್ಲಿ ಒಂದನ್ನು ಪೂರ್ತಿ ಹೇಳುತ್ತೇನೆ. ಚೀಟಿಯಲ್ಲಿ ಹೀಗಿತ್ತು: ಲಾರಿಯ ಒಟ್ಟು ತೂಕ 21,480 ಕೆಜಿ, ಖಾಲಿ ಲಾರಿ 6,340 ಕೆಜಿ, ಚೀಲ 200, ದರ 1,800. ಒಟ್ಟು ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದರೆ 15,140 ಕೆಜಿ. ಗೋಣಿಚೀಲಕ್ಕೆ ನಮ್ಮ ಗಿರಣಿಯ ರೂಢಿಯಂತೆ ತಲಾ 700 ಗ್ರಾಂ ಹಿಡಿದು 140 ಕೆಜಿ ಕಳೆದರೆ ಭತ್ತ 15,000 ಕೆಜಿ. ಇಷ್ಟನ್ನು ಅವರು ಸರಿಯಾಗಿ ಮಾಡಿದರು. ಟ್ಯಾಲಿಯಲ್ಲಿ ಭತ್ತದ ಅಳತೆ ಕ್ವಿಂಟಲ್ ಆದ್ದರಿಂದ 150 ಕ್ವಿಂಟಲ್ ಎಂದು ಹಾಕಿ, ದರದ ಜಾಗದಲ್ಲಿ 1,800 ಬರೆದು, 2,70,000 ರೂಪಾಯಿಯ ಖರೀದಿ ನಮೂದಿಸಿ, ಮುಂದಿನ ಚೀಟಿಗೆ ಕೈ ಹಾಕಿದರು.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತದ ದರವನ್ನು ಹೇಳುವುದು 75 ಕೆಜಿಯ ಚೀಲಕ್ಕೆ. ರೈತರ ಬಾಯಲ್ಲೂ ದಲಾಲಿ ಅಂಗಡಿಯಲ್ಲೂ ‘ಸಾವಿರದ ಎಂಟುನೂರು’ ಎಂದರೆ ಚೀಲದ ದರವೇ, ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆ ಲಾರಿಯಲ್ಲಿದ್ದದ್ದು 75 ಕೆಜಿಯ 200 ಚೀಲ, ಮೊತ್ತ 3,60,000 ರೂಪಾಯಿ. ಕ್ವಿಂಟಲ್ ಲೆಕ್ಕಕ್ಕೆ ಬದಲಿಸಿದರೆ 1,800 ಅನ್ನು 0.75ರಿಂದ ಭಾಗಿಸಿ 2,400 ರೂಪಾಯಿ. ಒಂದೇ ಲಾರಿಯಲ್ಲಿ 90,000 ರೂಪಾಯಿ ದಲಾಲರ ಖಾತೆಗೆ ಕಡಿಮೆ ಬಿದ್ದಿತ್ತು. ಹೊಸಬರ ತಪ್ಪೆಂದು ಹೇಳಲಾರೆ. ಸರ್ಕಾರ ಬೆಂಬಲ ಬೆಲೆಯನ್ನು ಕ್ವಿಂಟಲ್‌ಗೇ ಹೇಳುತ್ತದೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ. ಕಾಗದದ ಮೇಲಿನ ಲೆಕ್ಕವನ್ನಷ್ಟೇ ನೋಡಿದವರಿಗೆ 1,800 ಎಂಬುದು ಮಾರುಕಟ್ಟೆಯಲ್ಲಿ ಬಿದ್ದುಹೋದ ದರದಂತೆ ಕಾಣುತ್ತದೆಯೇ ಹೊರತು ಬೇರೆ ಅಳತೆಯ ದರವೆಂದು ತೋರುವುದಿಲ್ಲ.

ಟಿಪ್ಪಣಿಯಲ್ಲಿ ‘ದರ 75 ಕೆಜಿಗೆ’ ಎಂದು ಒಂದು ಸಾಲು ಬರೆದರೆ ಸಾಕಾಗುತ್ತಿರಲಿಲ್ಲ, ಏಕೆಂದರೆ ದಿನಕ್ಕೆ ನಲವತ್ತು ಲಾರಿ ಬರುವಾಗ ಯಾರು ಬೇಕಾದರೂ ತಪ್ಪುತ್ತಾರೆ. ನಾನೂ ಎರಡು ಬಾರಿ ತಪ್ಪಿದ್ದೇನೆ. ಆದ್ದರಿಂದ ತಪ್ಪು ಆದಮೇಲೆ ಅದು ಎಲ್ಲಿ ಕಾಣಿಸುತ್ತದೆ ಎಂಬುದನ್ನೂ ಬರೆದೆ. ತಿಂಗಳ ಸರಾಸರಿ ದರ ನೋಡಿದರೆ ಸಿಗುವುದಿಲ್ಲ, ನೂರಾರು ಲಾರಿಗಳ ನಡುವೆ ಒಂದು ಕರಗಿಹೋಗುತ್ತದೆ. ಭತ್ತದ ಖರೀದಿಯನ್ನು ವೋಚರ್‌ವಾರು ತೆರೆದು ದರದ ಕಾಲಮಿನ ಮೇಲೆ ಮಾತ್ರ ಕಣ್ಣಾಡಿಸಬೇಕು: ಅಕ್ಕಪಕ್ಕದ ದರಗಳಿಗಿಂತ ಸರಿಯಾಗಿ ಕಾಲು ಭಾಗ ಕಡಿಮೆ ಇರುವ ನಮೂದು ಇದ್ದರೆ ಅದು ಕ್ವಿಂಟಲ್‌ಗೆ ಬದಲಿಸದೆ ಉಳಿದದ್ದು. ಪ್ರತಿದಿನ ಸಂಜೆ ಬೀಗ ಹಾಕುವ ಮುನ್ನ ಇದಕ್ಕೆ ಐದು ನಿಮಿಷ. ಈ ಭಾಗದ ಜೊತೆಗೆ ಆ ಹಳೆಯ ಚೀಟಿಯ ನಕಲನ್ನೇ ಅಂಟಿಸಿ, ಪಕ್ಕದಲ್ಲಿ ಪೆನ್ನಿನಿಂದ ಲೆಕ್ಕ ಬಿಡಿಸಿಟ್ಟೆ.

ಅವರು ತಾವಾಗಿಯೇ ನಿಂತದ್ದು ಚೀಲದ ಲೆಕ್ಕದಲ್ಲಿ. ದಲಾಲರು ಕಳಿಸುವ ಗೋಣಿಚೀಲಗಳಲ್ಲಿ ಕೆಲವರವು ಭತ್ತದ ಬೆಲೆಯಲ್ಲೇ ಸೇರಿರುತ್ತವೆ, ಕೆಲವರವನ್ನು ಎಣಿಸಿ ವಾಪಸು ಕೊಡಬೇಕು. ಆ ವಾಪಸಿನ ಲೆಕ್ಕ ಟ್ಯಾಲಿಯಲ್ಲಿ ಎಂದೂ ಇರಲಿಲ್ಲ; ವೇಬ್ರಿಡ್ಜ್ ಕೋಣೆಯ ಮೊಳೆಗೆ ನೇತುಹಾಕಿದ ಉದ್ದನೆಯ ಪುಸ್ತಕದಲ್ಲಿ, ತೂಕದ ಹುಡುಗನ ಕೈಬರಹದಲ್ಲಿ ಇತ್ತು. ನನಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಹದಿನಾಲ್ಕು ಪುಟಗಳಲ್ಲಿ ಅದರ ಹೆಸರೂ ಬಂದಿರಲಿಲ್ಲ. ಯಾವ ದಲಾಲರ ಚೀಲ ಯಾವ ಬಗೆಯದು ಎಂಬ ಪಟ್ಟಿ ಮಾಡಿ, ಅಂದಿನ ಬಾಕಿ ಚೀಲಗಳ ಸಂಖ್ಯೆಯನ್ನು ಆ ಪುಸ್ತಕದಿಂದ ಎತ್ತಿ ಬರೆದು, ತೂಕದ ಹುಡುಗನಿಂದಲೂ ಸಹಿ ಮಾಡಿಸಿದೆ.

ಬಾಕಿ ಕೆಲಸಗಳ ಪಟ್ಟಿಗೆ ನಾನು ಹಾಕಿಕೊಂಡ ನಿಯಮವೆಂದರೆ ‘ಪ್ರಗತಿಯಲ್ಲಿದೆ’ ಎಂಬ ಪದವನ್ನು ಎಲ್ಲೂ ಬಳಸದಿರುವುದು. ಕೊನೆಯದಾಗಿ ಏನಾಯಿತು, ಯಾವ ದಿನ, ಈಗ ಯಾರ ಕೈಯಲ್ಲಿದೆ, ಮುಂದಿನ ಹೆಜ್ಜೆ ಯಾರದು ಎಂಬ ನಾಲ್ಕು ಮಾತು ಇರಲೇಬೇಕು. ಉದಾಹರಣೆಗೆ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ನುಚ್ಚು ಹೆಚ್ಚಾಗಿದೆಯೆಂದು ಒಂದು ಬಿಲ್ಲಿನಲ್ಲಿ 18,400 ರೂಪಾಯಿ ಹಿಡಿದುಕೊಂಡಿದ್ದರು. ಅದರಲ್ಲಿ ಅರ್ಧ ಬಿಟ್ಟುಕೊಡಲು ನಮ್ಮ ಗಿರಣಿಯ ಮಾಲೀಕರಾದ ಸಾಹುಕಾರರು ಫೋನಿನಲ್ಲಿ ಒಪ್ಪಿದ್ದರೆಂಬುದು ನನಗೆ ಮಾತ್ರ ಗೊತ್ತಿತ್ತು. ಅದನ್ನು ಬರೆದು, ಸಾಹುಕಾರರ ಮುಂದಿಟ್ಟು, “ಹೀಗೆ ಒಪ್ಪಿದ್ದಿರಿ, ಹೌದಲ್ಲರೀ?” ಎಂದು ಕೇಳಿ ಅದೇ ಸಾಲಿನ ಪಕ್ಕ ಸಹಿ ಪಡೆದೆ. ಹೀಗೆ ಕೇಳಿದ ಆರು ಬಾಯಿಮಾತಿನ ಒಪ್ಪಂದಗಳಲ್ಲಿ ಎರಡು ಅವರಿಗೆ ನೆನಪೇ ಇರಲಿಲ್ಲ. ಅವುಗಳನ್ನು ನಾನಿರುವಾಗಲೇ ಇತ್ಯರ್ಥ ಮಾಡಿಕೊಂಡೆವು. ಯಾವ ದಲಾಲರು ಒಂದು ವಾರ ತಡೆದುಕೊಳ್ಳುತ್ತಾರೆ, ಯಾರು ತಡೆಯುವುದಿಲ್ಲ ಎಂಬಂಥ ನನ್ನ ಅಂದಾಜುಗಳನ್ನು ಮಾತ್ರ ಬರೆಯಲಿಲ್ಲ; ಟಿಪ್ಪಣಿ ಮೇಜಿನ ಮೇಲೆ ಬಿದ್ದಿರುತ್ತದೆ, ಆ ದಲಾಲರೇ ಬಂದು ಅದೇ ಮೇಜಿನ ಮುಂದೆ ಕೂಡುತ್ತಾರೆ. ಅದನ್ನು ಚಹಾ ಕುಡಿಯುತ್ತ ಹೇಳಿದೆ.

ಪಾಸ್‌ವರ್ಡ್‌ಗಳ ಮಾತು ಬೇರೆ. ಅವುಗಳನ್ನು ಟಿಪ್ಪಣಿಯಲ್ಲಿ ಬರೆಯದೆ, ಹೊಸಬರ ಕೈಯಿಂದಲೇ ಬದಲಿಸಿ, ಮುಚ್ಚಿದ ಲಕೋಟೆಯಲ್ಲಿ ಸಾಹುಕಾರರ ತಿಜೋರಿಗೆ ಹಾಕಿಸಿದೆವು. ಆದರೆ ಪಾಸ್‌ವರ್ಡ್ ಕೊಟ್ಟ ಮಾತ್ರಕ್ಕೆ ಪೋರ್ಟಲ್ ಕೈಗೆ ಬರುವುದಿಲ್ಲ, ಒಟಿಪಿ ಬರುವ ಮೊಬೈಲ್ ಯಾರದೆಂಬುದು ಮುಖ್ಯ. 2017ರಲ್ಲಿ ಜಿಎಸ್‌ಟಿ ಬಂದಾಗ ಅನುಕೂಲಕ್ಕೆಂದು ಅದರ ನೋಂದಣಿಯಲ್ಲಿ ಸಾಹುಕಾರರ ಹೆಸರಿನ ಮುಂದೆ ನನ್ನ ಸಂಖ್ಯೆಯನ್ನೇ ಕೊಟ್ಟಿದ್ದೆ. `Services > Registration > Amendment of Registration Non-Core Fields` ಎಂಬಲ್ಲಿ ಅಧಿಕೃತ ಸಹಿದಾರರ ಮೊಬೈಲ್ ಮತ್ತು ಇಮೇಲ್ ಬದಲಿಸಬಹುದು, ಅದಕ್ಕೆ ಅಧಿಕಾರಿಯ ಅನುಮೋದನೆ ಬೇಡ. ಹಾಗಿದ್ದರೂ ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು: ಅರ್ಜಿ ಸಲ್ಲಿಸಲು ಸಾಹುಕಾರರು ತಮ್ಮ ಡಿಜಿಟಲ್ ಸಹಿಯ ಟೋಕನ್ ಹಿಡಿದು ಎದುರಿಗಿರಬೇಕು, ಅವರು ತಿರುಪತಿಗೆ ಹೋಗಿದ್ದರಿಂದ ನಮಗೆ ಅದಕ್ಕೇ ನಾಲ್ಕು ದಿನ ಹಿಡಿಯಿತು. ಆಮೇಲೆ ಬ್ಯಾಂಕ್, ಪಿಎಫ್, ಇ-ವೇ ಬಿಲ್ ಒಂದೊಂದಕ್ಕೂ ನನ್ನ ಫೋನನ್ನು ಆರಿಸಿಟ್ಟು ಲಾಗಿನ್ ಮಾಡಿ ನೋಡಿದೆವು. ಬ್ಯಾಂಕಿನದು ಅಲ್ಲೇ ನಿಂತಿತು, ಶಾಖೆಗೆ ಹೋಗಿ ಫಾರಂ ತುಂಬಿಕೊಟ್ಟೆವು.

ವರ್ಷದ ಉಳಿದ ಹನ್ನೊಂದು ತಿಂಗಳಿಗೆ ಒಂದು ಪುಟ ಬರೆದೆ. ಮಾರ್ಚ್ ತಿಂಗಳ ಟಿಡಿಎಸ್‌ಗೆ ಏಪ್ರಿಲ್ 30ರವರೆಗೆ ಸಮಯವಿದೆ ಎಂಬಂಥದ್ದಕ್ಕೆ ತಾರೀಖು ಹಾಕಿದೆ. ಖರೀದಿಗೆ ಸಂಬಂಧಿಸಿದವಕ್ಕೆ ತಾರೀಖಿನ ಬದಲು ಕಾಲುವೆಯ ನೀರನ್ನು ಹಿಡಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟ್ ಕೊಚ್ಚಿಹೋದಾಗ ನಾವು ಬ್ಯಾಂಕಿಗೆ ಕೊಡಬೇಕಾದ ಹಂಗಾಮಿನ ಅಂದಾಜನ್ನೇ ತಡೆಹಿಡಿದಿದ್ದೆವು. ಆದ್ದರಿಂದ ‘ನವೆಂಬರ್ 1ರಂದು ಬ್ಯಾಂಕಿನ ಸಾಲದ ಮಿತಿ ಹೆಚ್ಚಿಸಲು ಕೇಳಿ’ ಎನ್ನುವ ಬದಲು ‘ಕಾರಟಗಿ ಕಡೆ ಕೊಯ್ಲು ಯಂತ್ರಗಳು ಇಳಿಯುವುದಕ್ಕೆ ಮೂರು ವಾರ ಮುಂಚೆ’ ಎಂದು ಬರೆದೆ.

ಸೆಪ್ಟೆಂಬರ್ 30ರ ಸಂಜೆ ನಗದು ಎಣಿಸಿ, ನೋಟುವಾರು ವಿವರ, ಬಳಸದ ಚೆಕ್ ಹಾಳೆಗಳ ಸಂಖ್ಯೆ, ಕೊಟ್ಟರೂ ಬ್ಯಾಂಕಿಗೆ ಬಾರದ ಚೆಕ್ಕುಗಳು, ಮೊಹರು ಮತ್ತು ಕೀಲಿಗಳನ್ನು ಒಂದು ಹಾಳೆಯಲ್ಲಿ ಬರೆದು, ಕೊನೆಯ ವೋಚರ್ ಸಂಖ್ಯೆಯವರೆಗೆ ನನ್ನ ಹೊಣೆ ಎಂದು ನಮೂದಿಸಿ, ಮೂವರೂ ಸಹಿ ಮಾಡಿದೆವು. ಒಂದು ಪ್ರತಿ ನನ್ನ ಬಳಿ ಇದೆ.

ಒಟ್ಟು ಒಂಬತ್ತು ಪುಟವಾಗಿದ್ದ ಆ ಟಿಪ್ಪಣಿಯ ಬಗ್ಗೆ ನನಗೆ ನಂತರ ಬಂದ ಫೋನ್ ಮೂರು. ಎರಡಕ್ಕೆ ಪುಟದ ಸಂಖ್ಯೆ ಹೇಳಿದರೆ ಸಾಕಾಯಿತು. ಮೂರನೆಯದು ಡಿಸೆಂಬರ್‌ನಲ್ಲಿ: ಚೀಲವೇ ಇಲ್ಲದೆ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಸುರಿದುಕೊಂಡು ಬಂದ ಭತ್ತದ ಚೀಟಿಯಲ್ಲಿ ದರ 1,820 ಎಂದಿದೆ, ಚೀಲದ ಸಂಖ್ಯೆಯ ಜಾಗ ಖಾಲಿಯಿದೆ, ಏನು ಮಾಡಬೇಕು? ಚೀಲದ ತೂಕ ಕಳೆಯಬೇಡಿ, ನಿವ್ವಳ ಕೆಜಿಯನ್ನು 75ರಿಂದ ಭಾಗಿಸಿ ಬಂದದ್ದನ್ನೇ ಚೀಲವೆಂದು ಹಿಡಿಯಿರಿ, ದರ ಅದೇ ಎಂದೆ. ಇದನ್ನು ನಾನು ಬರೆದಿರಲಿಲ್ಲ. “ಆರನೇ ಪುಟದಾಗ ಚೀಟಿ ಅಂಟಿಸೀರಲ್ರಿ, ಅದರ ಕೆಳಗ ಬರಕೊಂಡೆ” ಎಂದರು.