ಭಾವನವರಿಗೆ ಕಾರು ಕೊಡಲಾಗದು ಎಂದು ಹೇಳಿದ ಬಗೆ

ಅಕ್ಕನ ಗಂಡ ಫೋನು ಮಾಡಿ ಎರಡು ದಿನದ ಮಟ್ಟಿಗೆ ಕಾರು ಕೇಳಿದಾಗ, ಅವರ ಚಾಲನೆಯ ಬಗ್ಗೆ ನನಗೆ ಯಾವ ಆಕ್ಷೇಪವೂ ಇರಲಿಲ್ಲ. ಅವರು ನನಗಿಂತ ಜಾಗರೂಕರು. ಆದರೆ ಮನೆಯವರಲ್ಲದೆ ಬೇರೆ ಯಾರಿಗೂ ಗಾಡಿಯ ಕೀ ಕೊಡುವುದಿಲ್ಲವೆಂದು ನಾನೂ ನನ್ನ ಹೆಂಡತಿಯೂ ಮೊದಲೇ ನಿರ್ಧರಿಸಿದ್ದೆವು. ಯಾರು ಓಡಿಸುವಾಗ ಪೆಟ್ಟು ಬಿದ್ದರೂ ವಿಮೆಯ ಕ್ಲೇಮು ಮಾಲೀಕನ ಹೆಸರಿಗೇ ಬರುತ್ತದೆ, ಮುಂದಿನ ಕಂತಿನ ರಿಯಾಯಿತಿ ಹೋಗುವುದೂ ಅವನದೇ. ವಿಮೆ ಭರಿಸದೆ ಉಳಿದ ರಿಪೇರಿಯ ಹಣವನ್ನು ಭಾವನವರ ಬಳಿ ಕೇಳುವುದು, ಇಂದು ಆಗುವುದಿಲ್ಲ ಎನ್ನುವುದಕ್ಕಿಂತ ಎಷ್ಟೋ ಕಷ್ಟದ ಮಾತು.

"ಯೋಚಿಸಿ ಹೇಳುತ್ತೇನೆ" ಎಂದು ನಾನು ಹೇಳಲಿಲ್ಲ, ಏಕೆಂದರೆ ಕೇಳಿದವರು ಅದನ್ನು ಅರ್ಧ ಒಪ್ಪಿಗೆಯೆಂದೇ ತಿಳಿದು ಬೇರೆ ವ್ಯವಸ್ಥೆ ಮಾಡಿಕೊಳ್ಳದೆ ಕಾಯುತ್ತಾರೆ. ಅದೇ ಕರೆಯಲ್ಲಿ, "ಭಾವ, ಕಾರನ್ನು ನಾವು ಯಾರಿಗೂ ಕೊಡುತ್ತಿಲ್ಲ, ನನ್ನ ತಮ್ಮ ಕೇಳಿದಾಗಲೂ ಇದನ್ನೇ ಹೇಳಿದ್ದೆ. ಬೇಸರ ಮಾಡಿಕೊಳ್ಳಬೇಡಿ. ನೀವು ಹೊರಡುವ ದಿನ ಬೆಳಿಗ್ಗೆ ನಾನೇ ಬಂದು ನಿಮ್ಮೆಲ್ಲರನ್ನೂ ರೈಲು ನಿಲ್ದಾಣಕ್ಕೆ ಬಿಡುತ್ತೇನೆ," ಎಂದೆ. ತಮ್ಮನ ವಿಷಯ ನಿಜವಾಗಿತ್ತು, ಆದ್ದರಿಂದಲೇ ಅದಕ್ಕೆ ತೂಕವಿತ್ತು. ಒಬ್ಬ ನಂಟನಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆಂದರೆ ಅದು ನಿಯಮವಾಗಿ ಉಳಿಯದೆ ಆ ವ್ಯಕ್ತಿಯ ಮೇಲಿನ ಅಪನಂಬಿಕೆಯಾಗಿ ಕಾಣುತ್ತದೆ.

ಗಾಡಿ ಸರ್ವೀಸಿಗೆ ಹೋಗಿದೆ, ಬ್ರೇಕು ಸರಿಯಿಲ್ಲ ಎಂಬಂಥ ನೆಪಗಳನ್ನು ನಾನು ಬಳಸುವುದೇ ಇಲ್ಲ. ಪ್ರತಿಯೊಂದು ನೆಪಕ್ಕೂ ಕೇಳುವವರ ಬಳಿ ಪರಿಹಾರವಿರುತ್ತದೆ: ಸರ್ವೀಸು ಮುಗಿದ ಮೇಲೆ ಬರುತ್ತೇನೆ, ಮೆಕ್ಯಾನಿಕ್ಕನ್ನು ನಾನೇ ಕರೆತರುತ್ತೇನೆ ಎನ್ನುತ್ತಾರೆ. ಭಾವನವರೂ "ಪೆಟ್ರೋಲು ನಾನೇ ಹಾಕಿಸುತ್ತೇನೆ, ಒಂದು ಗೀರೂ ಬೀಳದಂತೆ ತಂದುಕೊಡುತ್ತೇನೆ" ಎಂದರು. ನಾನು ಪೆಟ್ರೋಲಿನ ಮಾತನ್ನಾಗಲಿ ಗೀರಿನ ಮಾತನ್ನಾಗಲಿ ಚರ್ಚೆಗೆ ಎಳೆದುಕೊಳ್ಳದೆ, "ನಿಮ್ಮ ಮೇಲೆ ನಂಬಿಕೆಯಿಲ್ಲದೆ ಹೇಳುತ್ತಿಲ್ಲ ಭಾವ, ಯಾರಿಗೂ ಕೊಡುತ್ತಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಬರಲಿ?" ಎಂದು ಮೊದಲಿನ ಮಾತನ್ನೇ ಅದೇ ದನಿಯಲ್ಲಿ ಹೇಳಿದೆ. ಹೊಸ ಕಾರಣ ಸೇರಿಸಿದಷ್ಟೂ ವಾದ ಬೆಳೆಯುತ್ತದೆ.

ಸಂಜೆ ಅಕ್ಕ ನನ್ನ ಹೆಂಡತಿಗೆ ಫೋನು ಮಾಡಿದಳು. ಇದನ್ನು ನಿರೀಕ್ಷಿಸಿಯೇ ನಾವಿಬ್ಬರೂ ಒಂದೇ ಉತ್ತರ ಕೊಡಲು ಮಾತಾಡಿಕೊಂಡಿದ್ದೆವು. "ಅವರನ್ನು ಕೇಳಿ ನೋಡಿ" ಎಂದು ಅವಳು ಜಾರಿಕೊಂಡಿದ್ದರೆ, ಮಾತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಆಸ್ಪತ್ರೆಯ ತುರ್ತು ಬಂದಾಗ ಈ ನಿಯಮವನ್ನು ನಾನು ಬೇರೆ ರೀತಿ ಪಾಲಿಸುತ್ತೇನೆ: ನಡುರಾತ್ರಿಯಾದರೂ ಕಾರಿನೊಂದಿಗೆ ನಾನೇ ಹೋಗುತ್ತೇನೆ. ದ್ವಿಚಕ್ರ ವಾಹನವನ್ನು ಪರವಾನಗಿಯಿಲ್ಲದ ಹುಡುಗರು ಕೇಳಿದರೆ ಮಾತ್ರ ಬದಲಿ ನೆರವಿನ ಮಾತೆತ್ತುವ ಮೊದಲೇ ಅವರ ತಂದೆ ತಾಯಿಗೆ ತಿಳಿಸುತ್ತೇನೆ, ಏಕೆಂದರೆ ಅಲ್ಲಿ ಗಾಡಿಗಿಂತ ಮಗುವಿನ ಜೀವ ದೊಡ್ಡದು, ಕಾನೂನಿನ ಹೊಣೆ ಕೊಟ್ಟವನ ಮೇಲೂ ಬರುತ್ತದೆ.

ಭಾವನವರು ಕೊನೆಗೆ ಬಾಡಿಗೆ ಕಾರು ಗೊತ್ತುಮಾಡಿಕೊಂಡರು, ನಿಲ್ದಾಣಕ್ಕೆ ಬಿಡುವ ಅಗತ್ಯ ಬೀಳಲಿಲ್ಲ. ಅವರು ಊರಿಗೆ ಮರಳಿದ ಮೇಲೆ ನಾನೇ ಫೋನು ಮಾಡಿ ಪ್ರಯಾಣ ಹೇಗಾಯಿತೆಂದು ವಿಚಾರಿಸಿದೆ. ಕಾರಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಮುಂದಿನ ವಾರ ಮಗಳ ಕಾಲೇಜು ಸೇರ್ಪಡೆಯ ವಿಷಯದಲ್ಲಿ ಅವರು ನನ್ನ ಸಲಹೆ ಕೇಳಿದರು.